ತಗ್ಗಿದ ಕಣ್ಣು, ಹಿಂದಕ್ಕೆ ಸರಿದ ಕುರ್ಚಿ

ಕೆಲವು ವರ್ಷ ನಾನು ಒಂದು ಸಂಸ್ಥೆಯ ಸಂದರ್ಶನ ಸಮಿತಿಯಲ್ಲಿ ಕೂರುತ್ತಿದ್ದೆ. ಒಂದು ದಿನ ಲೆಕ್ಕಪತ್ರ ವಿಭಾಗದ ಹುದ್ದೆಗೆ ಒಬ್ಬ ಯುವಕ ಬಂದ. ಮಂಡ್ಯ ಕಡೆಯ ಹಳ್ಳಿಯವನು, ಬಿ.ಕಾಂ. ಮುಗಿಸಿ ಐದು ವರ್ಷವಾಗಿತ್ತು. ಒಳಗೆ ಬಂದು ಕೈ ಮುಗಿದ, ಕುರ್ಚಿಯನ್ನು ಮೇಜಿನಿಂದ ಒಂದು ಗೇಣು ಹಿಂದಕ್ಕೆ ಸರಿಸಿಕೊಂಡು ಕೂತ, ಎರಡೂ ಕೈ ಕಟ್ಟಿಕೊಂಡ. ಹಿಂದಿನ ಕೆಲಸ ಬಿಟ್ಟ ಮೇಲೆ ಹದಿನಾಲ್ಕು ತಿಂಗಳು ಏನು ಮಾಡುತ್ತಿದ್ದೆ ಎಂದು ನಮ್ಮಲ್ಲೊಬ್ಬರು ಕೇಳಿದರು. ಅವನು ಕಿಟಕಿಯ ಕಡೆ ನೋಡಿದ, ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ಮೇಜಿನ ಅಂಚು ನೋಡುತ್ತಾ ಉತ್ತರ ಹೇಳಿದ. ಅವನು ಹೊರಗೆ ಹೋದ ಮೇಲೆ ಮೂವರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟಾಗ ಎರಡರಲ್ಲಿ ಒಂದೇ ಮಾತಿತ್ತು: ಕಣ್ಣು ತಪ್ಪಿಸುತ್ತಾನೆ, ಏನೋ ಮುಚ್ಚಿಡುತ್ತಿದ್ದಾನೆ. ಆ ಎರಡರಲ್ಲಿ ಒಂದು ಹಾಳೆ ನನ್ನದು.

ಕಣ್ಣು ತಪ್ಪಿಸಿದ್ದು ನಾವು ಕಂಡದ್ದು. ಮುಚ್ಚಿಡುತ್ತಿದ್ದಾನೆ ಎನ್ನುವುದು ನಾವು ಸೇರಿಸಿದ್ದು. ಈ ಎರಡರ ನಡುವೆ ಎಷ್ಟು ದೂರವಿದೆ ಎಂಬುದನ್ನು ಮನೋವಿಜ್ಞಾನಿಗಳೂ ಮಾನವಶಾಸ್ತ್ರಜ್ಞರೂ ಅರವತ್ತು ವರ್ಷಗಳಿಂದ ಅಳೆಯುತ್ತಾ ಬಂದಿದ್ದಾರೆ. ಆ ಅಳತೆಗಳನ್ನು ಓದಿದ ಮೇಲೆ ನನಗೆ ಖಚಿತವಾದದ್ದು ಒಂದೇ. ಎದುರಿನವರ ದೇಹ ‘ಇಲ್ಲಿ ಏನೋ ಆಗುತ್ತಿದೆ’ ಎಂದು ಹೇಳಬಲ್ಲದು. ಯಾಕೆ ಆಗುತ್ತಿದೆ ಎಂದು ಹೇಳಲಾರದು. ಆ ‘ಯಾಕೆ’ಯನ್ನು ನಾವು ನಮ್ಮ ಜೇಬಿನಿಂದ ತೆಗೆದು ಅವರ ಮುಖಕ್ಕೆ ಅಂಟಿಸುತ್ತೇವೆ.

ಕಣ್ಣಿನಿಂದಲೇ ಶುರು ಮಾಡುತ್ತೇನೆ, ಅತಿ ಹೆಚ್ಚು ತಪ್ಪು ನಡೆಯುವುದು ಅಲ್ಲೇ. ಸುಳ್ಳುಗಾರ ಕಣ್ಣಲ್ಲಿ ಕಣ್ಣಿಟ್ಟು ನೋಡಲಾರ ಎನ್ನುವ ನಂಬಿಕೆ ನಮ್ಮೂರಿನದು ಮಾತ್ರವಲ್ಲ. ಸುಳ್ಳು ಹೇಳುವವರನ್ನು ಹೇಗೆ ಗುರುತಿಸುತ್ತೀರಿ ಎಂದು 58 ದೇಶಗಳ ಜನರನ್ನು ಕೇಳಿದ ಒಂದು ಸಮೀಕ್ಷೆ 2006ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಎರಡು ಪಾಲಿನಷ್ಟು ಜನ ತಾವಾಗಿಯೇ ಹೇಳಿದ್ದು ‘ಕಣ್ಣು ತಪ್ಪಿಸುತ್ತಾರೆ’ ಎಂದು. ಭಾಷೆ, ಮತ, ಊಟ ಎಲ್ಲ ಬೇರೆಯಾದ ಸಮಾಜಗಳು ಇಷ್ಟು ಒಪ್ಪುವ ಸಂಗತಿಗಳು ಕಡಿಮೆ.

ಆದರೆ ಅಳತೆ ಈ ನಂಬಿಕೆಯ ಜೊತೆ ನಿಲ್ಲುವುದಿಲ್ಲ. ಅಮೆರಿಕದ ಬೆಲ್ಲಾ ಡಿಪೌಲೊ ಮತ್ತು ಸಂಗಡಿಗರು 2003ರಲ್ಲಿ, ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ ಸುಳ್ಳಿನ ಗುರುತುಗಳೆಂದು ಹೇಳಲಾಗುತ್ತಿದ್ದ 158 ಲಕ್ಷಣಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಬಹುಪಾಲು ಲಕ್ಷಣಗಳಿಗೆ ಸುಳ್ಳಿನೊಡನೆ ಸಂಬಂಧವೇ ಇರಲಿಲ್ಲ, ಇದ್ದರೂ ಬಹಳ ಸಣ್ಣದಿತ್ತು. ಕಣ್ಣು ತಪ್ಪಿಸುವುದು ಸಂಬಂಧವಿಲ್ಲದ ಗುಂಪಿಗೆ ಸೇರಿತು. ಮೂರು ವರ್ಷದ ನಂತರ ಚಾರ್ಲ್ಸ್ ಬಾಂಡ್ ಮತ್ತು ಡಿಪೌಲೊ ಇನ್ನೊಂದು ಲೆಕ್ಕ ಮಾಡಿದರು. ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ ಸುಳ್ಳು ಯಾವುದು ನಿಜ ಯಾವುದು ಎಂದು ತೀರ್ಪು ಕೊಟ್ಟ ಅಧ್ಯಯನಗಳನ್ನೆಲ್ಲ ಸೇರಿಸಿದಾಗ ಅವರ ತೀರ್ಪು ಸರಿಯಾದದ್ದು ನೂರಕ್ಕೆ 54 ಸಲ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೆ 50 ಸಲ ಸರಿಯಾಗುತ್ತದೆ.

54 ಎಂದರೆ ಸ್ವಲ್ಪವಾದರೂ ಲಾಭವಿದೆಯಲ್ಲ ಎನಿಸಬಹುದು. ಆ ಲಾಭ ಸಂದರ್ಶನದ ಕೋಣೆಗೆ ಬಂದಾಗ ಏನಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕೋಣ. ಅದೇ ಅಧ್ಯಯನದಲ್ಲಿ ಜನ ಸುಳ್ಳನ್ನು ಸುಳ್ಳೆಂದು ಗುರುತಿಸಿದ್ದು ನೂರಕ್ಕೆ 47 ಸಲ, ನಿಜವನ್ನು ನಿಜವೆಂದು ನಂಬಿದ್ದು 61 ಸಲ. ನೂರು ಅಭ್ಯರ್ಥಿಗಳು ಬಂದಿದ್ದಾರೆ, ಅವರಲ್ಲಿ ಹತ್ತು ಜನ ಏನನ್ನೋ ಸುಳ್ಳು ಹೇಳುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಆ ಹತ್ತರಲ್ಲಿ ನಮ್ಮ ಕಣ್ಣಿಗೆ ಸಿಕ್ಕಿಬೀಳುವವರು ಸುಮಾರು ಐದು ಜನ. ಉಳಿದ ತೊಂಬತ್ತು ಪ್ರಾಮಾಣಿಕರಲ್ಲಿ ನೂರಕ್ಕೆ 39ರಂತೆ ಸುಮಾರು ಮೂವತ್ತೈದು ಜನರ ಮೇಲೂ ನಾವು ಅನುಮಾನದ ಗುರುತು ಹಾಕಿರುತ್ತೇವೆ. ಒಟ್ಟು ನಲವತ್ತು ಜನರ ಹೆಸರಿನ ಮುಂದೆ ಗುರುತಿದೆ, ಅದರಲ್ಲಿ ಮೂವತ್ತೈದು ಜನ ತಪ್ಪಿಲ್ಲದವರು. ಐದು ಜನ ಸುಳ್ಳುಗಾರರು ನಗುನಗುತ್ತಾ ದಾಟಿಹೋಗಿದ್ದಾರೆ. ಸಮಿತಿಯಲ್ಲಿ ಕೂತವರಿಗೆ ಈ ಮೂವತ್ತೈದರ ಸುದ್ದಿ ಎಂದಿಗೂ ಬರುವುದಿಲ್ಲ, ಯಾಕೆಂದರೆ ಅವರನ್ನು ನಾವು ಮತ್ತೆ ನೋಡುವುದಿಲ್ಲ. ಹಾಗಾಗಿಯೇ ‘ನನಗೆ ಮುಖ ನೋಡಿದರೆ ಗೊತ್ತಾಗುತ್ತದೆ’ ಎನ್ನುವ ಅನುಭವಿಗಳ ವಿಶ್ವಾಸ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ತಿದ್ದಿಕೊಳ್ಳುವ ಅವಕಾಶ ಮಾತ್ರ ಬರುವುದಿಲ್ಲ.

ಇದು ದೊಡ್ಡ ಮಟ್ಟದಲ್ಲೂ ನಡೆದಿದೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಾವಭಾವ ನೋಡಿ ಅಪಾಯಕಾರಿಗಳನ್ನು ಗುರುತಿಸಲು ಅಧಿಕಾರಿಗಳಿಗೆ ತರಬೇತಿ ಕೊಡುವ ಯೋಜನೆಯೊಂದಿತ್ತು. 2007ರಿಂದ ಅದಕ್ಕೆ ಸುಮಾರು 90 ಕೋಟಿ ಡಾಲರ್ ಖರ್ಚಾದ ಮೇಲೆ, 2013ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ, ಈ ವಿಧಾನ ಕೆಲಸ ಮಾಡುತ್ತದೆ ಎನ್ನಲು ಪುರಾವೆ ಸಿಗದ ಕಾರಣ ಹಣ ಕಡಿಮೆ ಮಾಡಿ ಎಂದು ಸಲಹೆ ಕೊಟ್ಟಿತು.

ಹಾಗಾದರೆ ಮನುಷ್ಯ ಕಣ್ಣನ್ನು ಬೇರೆಡೆ ಹಾಯಿಸುವುದೇಕೆ? ಇದಕ್ಕೆ ಒಳ್ಳೆಯ ಉತ್ತರಗಳಿವೆ, ಸುಳ್ಳಿನ ಕತೆಗಿಂತ ಇವೇ ಹೆಚ್ಚು ಸ್ವಾರಸ್ಯಕರ. ಇಂಗ್ಲೆಂಡಿನ ಆಡಮ್ ಕೆಂಡನ್ ಎಂಬ ಸಂಶೋಧಕರು ಇಬ್ಬರು ಮಾತಾಡುತ್ತಿರುವುದನ್ನು ಚಿತ್ರೀಕರಿಸಿ, ಯಾರ ಕಣ್ಣು ಯಾವಾಗ ಎಲ್ಲಿತ್ತು ಎಂದು ಚೌಕಟ್ಟು ಚೌಕಟ್ಟಾಗಿ ಗುರುತು ಹಾಕಿಕೊಂಡು 1967ರಲ್ಲಿ ಪ್ರಕಟಿಸಿದರು. ಮಾತು ಶುರು ಮಾಡುವವರು ದೃಷ್ಟಿಯನ್ನು ಆಚೆ ಹೊರಳಿಸುತ್ತಾರೆ. ಮಾತು ಮುಗಿಯುತ್ತಾ ಬಂದಂತೆ ಕೇಳುಗನ ಮುಖಕ್ಕೆ ಮರಳುತ್ತಾರೆ, ‘ಇನ್ನು ನಿನ್ನ ಸರದಿ’ ಎನ್ನುವಂತೆ. ಮನೋವಿಜ್ಞಾನಿ ಮೈಕೆಲ್ ಆರ್ಗೈಲ್ ಕೊಟ್ಟ ಸರಾಸರಿಗಳ ಪ್ರಕಾರ, ಎದುರುಬದುರು ಕೂತವರು ಕೇಳುವಾಗ ನೂರಕ್ಕೆ 75ರಷ್ಟು ಹೊತ್ತು ಎದುರಿನವರನ್ನು ನೋಡಿದರೆ, ತಾವು ಮಾತಾಡುವಾಗ ನೋಡುವುದು 40ರಷ್ಟು ಹೊತ್ತು ಮಾತ್ರ. ಸಂದರ್ಶನದಲ್ಲಿ ಮಾತಾಡುವ ಕೆಲಸ ಅಭ್ಯರ್ಥಿಯದು, ಕೇಳುವ ಕೆಲಸ ನಮ್ಮದು. ನಾವು ಅವನನ್ನು ದಿಟ್ಟಿಸಿದಷ್ಟು ಅವನು ನಮ್ಮನ್ನು ದಿಟ್ಟಿಸದೆ ಇರುವುದು ಮಾತುಕತೆಯ ರಚನೆಯಲ್ಲೇ ಇದೆ.

ಎರಡನೆಯ ಕಾರಣ, ಯೋಚನೆಯ ಭಾರ. ಮುಖ ಎನ್ನುವುದು ಕ್ಷಣಕ್ಷಣಕ್ಕೂ ಬದಲಾಗುವ ವಸ್ತು. ಅದನ್ನು ನೋಡುತ್ತಾ ನೆನಪನ್ನೂ ಕೆದಕಬೇಕೆಂದರೆ ಮನಸ್ಸು ಎರಡು ಕಡೆ ದುಡಿಯಬೇಕು. ಆದ್ದರಿಂದ ಪ್ರಶ್ನೆ ಕಷ್ಟವಾದಷ್ಟೂ ಕಣ್ಣು ಖಾಲಿ ಜಾಗ ಹುಡುಕುತ್ತದೆ: ಗೋಡೆ, ಸೂರು, ಕಿಟಕಿ. ಬ್ರಿಟನ್ನಿನ ಗ್ವಿನೆತ್ ಡೊಹರ್ಟಿ-ಸ್ನೆಡನ್ ಮತ್ತು ಸಂಗಡಿಗರು ಮಕ್ಕಳಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಎಂಟು ವರ್ಷದ ಮಕ್ಕಳು ಕಷ್ಟದ ಪ್ರಶ್ನೆಗೆ ದೊಡ್ಡವರಂತೆಯೇ ದೃಷ್ಟಿ ಆಚೆ ಹೊರಳಿಸುತ್ತಾರೆ. ಐದು ವರ್ಷದ ಮಕ್ಕಳಿಗೆ ಈ ರೂಢಿ ಇನ್ನೂ ಪೂರ್ತಿ ಬಂದಿರುವುದಿಲ್ಲ, ಯೋಚಿಸುವಾಗ ಬೇರೆ ಕಡೆ ನೋಡು ಎಂದು ಹೇಳಿಕೊಟ್ಟರೆ ಅವರ ಉತ್ತರಗಳು ಸುಧಾರಿಸುತ್ತವೆ. ಮಗ್ಗಿ ಒಪ್ಪಿಸುವ ಮಗು ಸೂರು ನೋಡಿದಾಗ ‘ಅಲ್ಲೇನು ಬರೆದಿದೆಯಾ, ನನ್ನ ಮುಖ ನೋಡಿ ಹೇಳು’ ಎಂದು ಗದರುವ ಮೇಷ್ಟರು, ಆ ಮಗುವಿಗೆ ನೆರವಾಗುತ್ತಿರುವ ಒಂದೇ ಒಂದು ಆಸರೆಯನ್ನು ಕಿತ್ತುಕೊಳ್ಳುತ್ತಿದ್ದಾರೆ. ಇದನ್ನು ಓದಿದ ದಿನ ನನಗೆ ನನ್ನ ಶಾಲೆಯ ಹಲವು ಮಧ್ಯಾಹ್ನಗಳು ನೆನಪಾಗಿ ಸಂಕಟವಾಯಿತು.

ಮೂರನೆಯದು ನಮ್ಮ ಮನೆಗಳಲ್ಲೇ ಕಲಿಸಿದ್ದು. ದೊಡ್ಡವರು ಮಾತಾಡುವಾಗ ತಲೆ ತಗ್ಗಿಸಿ ಕೇಳುವುದು ಮರ್ಯಾದೆ. ಅಪ್ಪ ಬೈಯುವಾಗ ಮುಖ ಎತ್ತಿ ನೋಡಿದರೆ ‘ಏನು ಗುರಾಯಿಸ್ತೀಯಾ’ ಎಂಬ ಇನ್ನೊಂದು ಬೈಗುಳ. ಹೆಣ್ಣುಮಕ್ಕಳಿಗೆ ಈ ಪಾಠ ಇನ್ನೂ ಬಿಗಿಯಾಗಿ ಆಗಿರುತ್ತದೆ. ಹದಿನೆಂಟು ವರ್ಷ ಹೀಗೆ ಬೆಳೆದವರು ಬೆಂಗಳೂರಿನ ಹವಾನಿಯಂತ್ರಿತ ಕೋಣೆಗೆ ಬಂದ ತಕ್ಷಣ ಅದೇ ತಗ್ಗಿದ ಕಣ್ಣು ಆತ್ಮವಿಶ್ವಾಸವಿಲ್ಲದ್ದಕ್ಕೆ, ಕಪಟಕ್ಕೆ ಸಾಕ್ಷಿಯಾಗಿಬಿಡುತ್ತದೆ. ಸ್ವಲೀನತೆ ಇರುವ ಅನೇಕರಿಗೆ ಕಣ್ಣು ಕೂಡಿಸುವುದು ದೈಹಿಕವಾಗಿಯೇ ಹಿಂಸೆ, ಅವರು ಮಾತಿಗೆ ಕಿವಿ ಕೊಡಬೇಕೆಂದೇ ನೋಟವನ್ನು ಆಚೆ ಇಡುತ್ತಾರೆ. ಇಷ್ಟು ಬೇರೆ ಬೇರೆ ಬೇರುಗಳಿಂದ ಒಂದೇ ಎಲೆ ಚಿಗುರುವಾಗ, ಎಲೆ ನೋಡಿ ಬೇರನ್ನು ಹೇಳುವುದು ಹೇಗೆ?

ರಂಗದ ಮೇಲೆ ಹೇಳಬಹುದು. ಭರತನ ನಾಟ್ಯಶಾಸ್ತ್ರ ಮೂವತ್ತಾರು ದೃಷ್ಟಿಗಳನ್ನು ಹೆಸರಿಸಿ ವಿವರಿಸುತ್ತದೆ, ಯಾವ ರಸಕ್ಕೆ ಯಾವ ದೃಷ್ಟಿ, ಯಾವ ಭಾವಕ್ಕೆ ರೆಪ್ಪೆ ಎಷ್ಟು ತೆರೆದಿರಬೇಕು ಎಂಬಲ್ಲಿಯವರೆಗೆ. ಅಲ್ಲಿ ನಟನಿಗೂ ಪ್ರೇಕ್ಷಕನಿಗೂ ಒಪ್ಪಂದವಿದೆ, ಕಣ್ಣು ಅರ್ಥ ಹೇಳಲೆಂದೇ ಚಲಿಸುತ್ತದೆ. ಎದುರು ಕೂತು ನೌಕರಿ ಕೇಳುವವನ ಜೊತೆ ನಮಗೆ ಅಂಥ ಒಪ್ಪಂದವಿಲ್ಲ. ದೇಹಭಾಷೆಯನ್ನು ನಿಘಂಟಿನಂತೆ ಕಲಿಸುವ ಪುಸ್ತಕಗಳು ಬದುಕನ್ನು ರಂಗದಂತೆ ಓದಲು ಹೇಳುತ್ತವೆ, ನನಗೆ ಅವುಗಳ ಮೇಲಿರುವ ಮುಖ್ಯ ತಕರಾರು ಇದೇ.

ದೂರದ ವಿಷಯಕ್ಕೆ ಬರುತ್ತೇನೆ. 1966ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಜನರ ನಡುವಿನ ಅಂತರವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಒಂದು ಮೊಳದ ಒಳಗೆ, ಅಂದರೆ ಒಂದೂವರೆ ಅಡಿಯೊಳಗೆ, ತೀರ ಆಪ್ತರು. ಅಲ್ಲಿಂದ ನಾಲ್ಕು ಅಡಿಯವರೆಗೆ ಸ್ನೇಹಿತರು, ಪರಿಚಿತರು. ನಾಲ್ಕರಿಂದ ಹನ್ನೆರಡು ಅಡಿ ಕೆಲಸಕಾರ್ಯದ ಮಾತು. ಅದರಾಚೆ ಸಾರ್ವಜನಿಕ ಭಾಷಣದ ದೂರ. ಈ ಅಂಕಿಗಳು ಇಂದಿಗೂ ತರಬೇತಿ ಶಿಬಿರಗಳಲ್ಲಿ ನಿಯಮದಂತೆ ಓಡಾಡುತ್ತವೆ. ಹಾಲ್ ಸ್ವತಃ ಇವು ಅಮೆರಿಕದ ಈಶಾನ್ಯ ಕರಾವಳಿಯ ಮಧ್ಯಮವರ್ಗದ, ಹೆಚ್ಚಾಗಿ ಕಚೇರಿ ಮತ್ತು ವೃತ್ತಿಗಳಲ್ಲಿರುವ ಜನರನ್ನು ನೋಡಿ ಬರೆದವು, ಎಲ್ಲರಿಗೂ ಅನ್ವಯಿಸಬೇಡಿ ಎಂದು ಎಚ್ಚರಿಸಿದ್ದರು. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ನಿಂತವರ ನಡುವೆ ಒಂದು ಗೇಣೂ ಇರುವುದಿಲ್ಲ, ಅದರಲ್ಲಿ ಆಪ್ತತೆಯೂ ಇಲ್ಲ, ಅಗೌರವವೂ ಇಲ್ಲ. ಜಾತಿಯ ಕಾರಣಕ್ಕೆ ದೂರ ನಿಲ್ಲಬೇಕಾಗಿ ಬಂದ ಮನೆಗಳಿಂದ ಬಂದವರಲ್ಲಿ ಅಂತರ ಕಾಯುವುದು ಮೈಗೆ ಹತ್ತಿದ ಎಚ್ಚರವಾಗಿರಬಹುದು. ಅವರು ಹಿಂದೆ ಸರಿದು ನಿಂತದ್ದನ್ನು ‘ಬೆರೆಯುವ ಸ್ವಭಾವವಲ್ಲ’ ಎಂದು ಬರೆದುಕೊಳ್ಳುವುದು ಕ್ರೂರ ಓದು.

ದೂರದ ಬಗ್ಗೆ ನಿಜಕ್ಕೂ ಉಪಯೋಗಕ್ಕೆ ಬರುವ ಸಂಗತಿ ಅಡಿ ಲೆಕ್ಕವಲ್ಲ, ತಕ್ಕಡಿಯ ಲೆಕ್ಕ. 1965ರಲ್ಲಿ ಆರ್ಗೈಲ್ ಮತ್ತು ಜ್ಯಾನೆಟ್ ಡೀನ್, ಇಬ್ಬರನ್ನು ಬೇರೆ ಬೇರೆ ದೂರದಲ್ಲಿ ಕೂರಿಸಿ ನೋಡಿದರು. ಹತ್ತಿರ ಬಂದಷ್ಟೂ ಕಣ್ಣು ಕೂಡುವುದು ಕಡಿಮೆಯಾಯಿತು, ದೂರ ಹೋದಷ್ಟೂ ಹೆಚ್ಚಿತು. ನಿಕಟತೆಗೆ ಪ್ರತಿಯೊಬ್ಬರಲ್ಲೂ ಒಂದು ಸಮತೋಲವಿದೆ. ಒಂದು ಕಡೆ ಅದು ಹೆಚ್ಚಾದರೆ ಇನ್ನೊಂದು ಕಡೆ ಕಡಿಮೆ ಮಾಡಿಕೊಳ್ಳುತ್ತಾರೆ. ಲಿಫ್ಟ್‌ನಲ್ಲಿ ಎಲ್ಲರೂ ಮಹಡಿಯ ಸಂಖ್ಯೆ ನೋಡುವುದು ಇದಕ್ಕೇ. ಹಾಗಾಗಿ ಎದುರಿನವರು ಕಣ್ಣು ತಪ್ಪಿಸಿದರೆ, ಹೆಗಲು ಓರೆ ಮಾಡಿದರೆ, ಚೀಲವನ್ನು ಎದೆಗೆ ತಂದುಕೊಂಡರೆ ಮೊದಲು ನೋಡಬೇಕಾದದ್ದು ಅವರ ಮನಸ್ಸನ್ನಲ್ಲ, ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು. ಅರ್ಧ ಹೆಜ್ಜೆ ಹಿಂದೆ ಸರಿದು ನೋಡಿ. ಅವರ ಹೆಗಲು ಮರಳಿ ನಿಮ್ಮ ಕಡೆ ತಿರುಗಿದರೆ ಕಾರಣ ನಿಮ್ಮ ಹತ್ತಿರವೇ ಇತ್ತು.

ಭಂಗಿಯ ಬಗ್ಗೆ ಹೇಳಲು ಅಷ್ಟೇನಿಲ್ಲ. ಕೈ ಕಟ್ಟಿದರೆ ಮನಸ್ಸೂ ಮುಚ್ಚಿದೆ ಎನ್ನುತ್ತಾರೆ. ಚಳಿಗೆ, ಕೈಯಿಲ್ಲದ ಕುರ್ಚಿಗೆ, ಅಭ್ಯಾಸಕ್ಕೆ ಕೈ ಕಟ್ಟುತ್ತಾರೆ, ನಮ್ಮ ಶಾಲೆಗಳಲ್ಲಂತೂ ‘ಕೈ ಕಟ್ಟಿ ಕೂತ್ಕೊಳ್ಳಿ’ ಎಂಬುದು ವಿಧೇಯತೆಯ ಆಜ್ಞೆ. ಮೈ ಹರಡಿಕೊಂಡು ಗತ್ತಿನ ಭಂಗಿಯಲ್ಲಿ ಕೂತರೆ, ನಿಂತರೆ ಹಾರ್ಮೋನುಗಳೇ ಬದಲಾಗುತ್ತವೆ ಎಂದ 2010ರ ಪ್ರಯೋಗ 42 ಜನರ ಮೇಲೆ ನಡೆದಿತ್ತು. 2015ರಲ್ಲಿ 200 ಜನರ ಮೇಲೆ ಮಾಡಿದಾಗ ಹಾರ್ಮೋನಿನ ಬದಲಾವಣೆ ಕಾಣಲಿಲ್ಲ, ಮೂಲ ಲೇಖಕರಲ್ಲಿ ಮೊದಲಿಗರೇ ಮರುವರ್ಷ ಆ ಫಲಿತಾಂಶದಲ್ಲಿ ತಮಗೆ ನಂಬಿಕೆಯಿಲ್ಲ ಎಂದು ಬರೆದರು. ಸಂವಹನದಲ್ಲಿ ಮಾತಿನ ಪಾಲು ಬರೀ 7, ದನಿಯದು 38, ಮುಖದ್ದು 55 ಎಂಬ ಪ್ರಸಿದ್ಧ ಸೂತ್ರವೂ ಹೀಗೆಯೇ. ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಮಾಡಿದ ಎರಡು ಪ್ರಯೋಗಗಳಲ್ಲಿ ಜನರಿಗೆ ಕೊಟ್ಟದ್ದು ಒಂಟಿ ಪದಗಳು, ಕೇಳಿದ್ದು ಹೇಳಿದವರಿಗೆ ಇಷ್ಟವೋ ಇಲ್ಲವೋ ಎಂದು ಮಾತ್ರ. ಎಲ್ಲ ಮಾತುಕತೆಗೂ ಅದನ್ನು ಹೊಂದಿಸಬಾರದೆಂದು ಅವರೇ ಹೇಳಿದ್ದಾರೆ.

ಇಷ್ಟೆಲ್ಲ ಕಳೆದ ಮೇಲೆ ದೇಹದಲ್ಲಿ ಓದಲು ಏನೂ ಉಳಿಯುವುದಿಲ್ಲವೇ ಎಂದರೆ, ಉಳಿಯುತ್ತದೆ, ಅದೂ ಗಟ್ಟಿಯಾದದ್ದು. ಮುಂದೆ ಕೆಂಡನ್ ಅವರು ನಿಂತು ಮಾತಾಡುವ ಗುಂಪುಗಳನ್ನು ಗಮನಿಸಿದರು. ಮಾತಾಡುವವರು ತಮ್ಮ ಸೊಂಟದ ಕೆಳಗಿನ ದೇಹವನ್ನು ಒಂದು ನಡುವಿನ ಜಾಗಕ್ಕೆ ಮುಖಮಾಡಿ ನಿಲ್ಲಿಸುತ್ತಾರೆ, ಒಲೆಯ ಸುತ್ತ ನಿಂತಂತೆ. ಆ ಜಾಗ ಅವರೆಲ್ಲರದು, ಅದನ್ನು ಹಾದು ಯಾರೂ ಸುಮ್ಮನೆ ನಡೆಯುವುದಿಲ್ಲ. ಮುಖ ಅತ್ತಿತ್ತ ತಿರುಗಬಹುದು, ಪಾದಗಳು ಆ ಜಾಗಕ್ಕೆ ಬದ್ಧವಾಗಿರುತ್ತವೆ. ಮದುವೆಮನೆಯಲ್ಲಿ ಇಬ್ಬರು ನೇರ ಎದುರುಬದುರು ನಿಂತು ಮಾತಾಡುತ್ತಿದ್ದರೆ ಆ ಜಾಗ ಮುಚ್ಚಿದೆ. ಮೂಲೆಗೋಡೆಯಂತೆ ಓರೆಯಾಗಿ ನಿಂತಿದ್ದರೆ ಒಂದು ಕಡೆ ತೆರೆದಿದೆ, ಮೂರನೆಯವರು ಸೇರಬಹುದು. ನೀವು ಹತ್ತಿರ ಹೋದಾಗ ಅವರು ಮುಖ ಮಾತ್ರ ತಿರುಗಿಸಿ ನಕ್ಕರೆ ಅದು ನಮಸ್ಕಾರ. ಪಾದ ಸರಿಸಿ ಜಾಗ ಬಿಟ್ಟರೆ ಅದು ಆಹ್ವಾನ. ಮಾತಿನ ನಡುವೆ ಒಬ್ಬರ ಮುಖ ನಿಮ್ಮ ಕಡೆ ಇದ್ದೂ ಪಾದಗಳು ಬಾಗಿಲ ಕಡೆ ತಿರುಗಿದ್ದರೆ ಅವರಿಗೆ ಹೊರಡಬೇಕಾಗಿದೆ, ಆಗಲೇ ಎರಡು ಸಲ ‘ಸರಿ ಹಾಗಾದ್ರೆ’ ಎಂದಿರುತ್ತಾರೆ.

ಈ ಓದು ಗಟ್ಟಿಯಾಗಿರುವುದಕ್ಕೆ ಕಾರಣವಿದೆ. ಇಲ್ಲಿ ನಾವು ಗುಪ್ತ ಮನಸ್ಸನ್ನು ಊಹಿಸುತ್ತಿಲ್ಲ. ಜಾಗವನ್ನು ಹಂಚಿಕೊಳ್ಳಲು ದೇಹಗಳು ಬಹಿರಂಗವಾಗಿ ಮಾಡುವ ಕೆಲಸವನ್ನು ನೋಡುತ್ತಿದ್ದೇವೆ. ಓದಿದ್ದು ತಪ್ಪಾದರೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ, ನಷ್ಟವೂ ಚಿಕ್ಕದು. ಬಸ್ಸಿಗೆ ಹೊತ್ತಾಯಿತೇನೋ ಎಂದು ಕೇಳಿದರೆ ‘ಇಲ್ಲ ಇಲ್ಲ, ಕೂತ್ಕೊಳ್ಳಿ’ ಎನ್ನುತ್ತಾರೆ.

ಈಗ ಆ ಯುವಕನ ವಿಷಯ. ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಸಮಿತಿಯ ಮೂರನೆಯವರು, ಹಿರಿಯ ಮಹಿಳೆ, ಒಂದು ಪ್ರಶ್ನೆ ಕೇಳಿದರು: ‘ಬೇರೆ ಪ್ರಶ್ನೆಗಳಿಗೆ ಅವನು ಎಲ್ಲಿ ನೋಡ್ತಿದ್ದ?’ ನನಗೆ ಗೊತ್ತಿರಲಿಲ್ಲ. ಅನುಮಾನ ಬಂದ ಕ್ಷಣವನ್ನು ಮಾತ್ರ ನಾನು ಗಮನಿಸಿದ್ದೆ. ಅವರು ಗುರುತು ಮಾಡಿಕೊಂಡಿದ್ದರು. ಊರು, ಕಾಲೇಜು ಕೇಳಿದಾಗ ಅವನು ಬೇಗ ಬೇಗ ಉತ್ತರಿಸಿದ್ದ, ನಡುನಡುವೆ ನಮ್ಮನ್ನು ನೋಡಿದ್ದ. ಸವಕಳಿ ಲೆಕ್ಕ ಹಾಕಲು ಹೇಳಿದಾಗ ಕಿಟಕಿ ನೋಡಿದ್ದ, ಉತ್ತರ ಸರಿಯಾಗಿತ್ತು. ಜಿ.ಎಸ್.ಟಿ. ರಿಟರ್ನಿನ ಪ್ರಶ್ನೆಗೂ ಕಿಟಕಿ ನೋಡಿದ್ದ, ಅದೂ ಸರಿ. ಅಂದರೆ ಕಿಟಕಿ ಅವನ ಯೋಚಿಸುವ ಜಾಗ, ಹದಿನಾಲ್ಕು ತಿಂಗಳ ಪ್ರಶ್ನೆಗೆ ಮೀಸಲಾದದ್ದಲ್ಲ. ಹೊಸದಾಗಿ ಕಂಡದ್ದು ಒಂದೇ: ಆ ಪ್ರಶ್ನೆಗೆ ಮುಂಚಿನ ಮೌನ ಉಳಿದವಕ್ಕಿಂತ ಉದ್ದವಿತ್ತು. ಕೈ ಕಟ್ಟಿದ್ದು ಮೊದಲ ನಿಮಿಷದಿಂದಲೇ ಇತ್ತು. ಏ.ಸಿ.ಯ ಗಾಳಿ ನೇರವಾಗಿ ಅಭ್ಯರ್ಥಿಯ ಕುರ್ಚಿಗೆ ಬೀಳುತ್ತಿತ್ತು ಎಂಬುದನ್ನು ನಾನು ಆ ಕುರ್ಚಿಯಲ್ಲಿ ಕೂತು ನೋಡಿದಾಗ ಅರಿತೆ. ಕಿರಿದಾದ ಮೇಜು, ಎದುರಿಗೆ ಮೂವರು. ಯಾರಾದರೂ ಕುರ್ಚಿ ಹಿಂದಕ್ಕೆ ಸರಿಸುವಂತಿತ್ತು.

ಉಳಿದದ್ದು ಆ ಉದ್ದದ ಮೌನ ಮಾತ್ರ. ಅದು ಸುಳ್ಳು ಹೊಸೆಯುವ ಮೌನವೋ, ಹೇಗೆ ಹೇಳಲಿ ಎಂಬ ಸಂಕೋಚವೋ, ಹೇಳಿದರೆ ನಂಬುತ್ತಾರೋ ಎಂಬ ಭಯವೋ ಮೌನವನ್ನು ನೋಡಿ ತಿಳಿಯುವಂತಿಲ್ಲ. ಭಯಪಟ್ಟ ಸತ್ಯವಂತನನ್ನು ಸುಳ್ಳುಗಾರನೆಂದು ಓದುವುದಕ್ಕೆ ಮನೋವಿಜ್ಞಾನಿ ಪಾಲ್ ಎಕ್ಮನ್ ‘ಒಥೆಲೊನ ತಪ್ಪು’ ಎಂಬ ಹೆಸರಿಟ್ಟರು. ನಾಟಕದಲ್ಲಿ ಹೆಂಡತಿ ಡೆಸ್ಡಿಮೋನಾಳ ಸಂಕಟವನ್ನು ಒಥೆಲೊ ಕಂಡದ್ದು ನಿಜ, ಆ ಸಂಕಟದ ಕಾರಣವನ್ನು ತಾನೇ ತುಂಬಿಕೊಂಡ. ನಮ್ಮ ಕಾನೂನು ಈ ವಿಷಯದಲ್ಲಿ ಒಂದು ಎಳೆಯಷ್ಟು ಎಚ್ಚರ ಇಟ್ಟುಕೊಂಡಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮು, ಸಾಕ್ಷಿಯ ನಡವಳಿಕೆಯಲ್ಲಿ ಮುಖ್ಯವೆನಿಸಿದ್ದನ್ನು ನ್ಯಾಯಾಧೀಶರು ದಾಖಲಿಸಬೇಕು ಎನ್ನುತ್ತಿತ್ತು, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಬರೆದಿಟ್ಟದ್ದನ್ನು ಮೇಲಿನ ನ್ಯಾಯಾಲಯ ಪ್ರಶ್ನಿಸಬಹುದು, ಮನಸ್ಸಿನಲ್ಲೇ ಉಳಿದದ್ದನ್ನು ಪ್ರಶ್ನಿಸಲಾಗದು. ‘ತಡವರಿಸಿದ’ ಎಂಬುದು ದಾಖಲೆ. ‘ಸುಳ್ಳು ಹೇಳಲು ತಡವರಿಸಿದ’ ಎಂಬುದು ಆಗಲೇ ತೀರ್ಪು.

ಆ ಹಿರಿಯರ ಮಾತಿನಂತೆ ಅವನನ್ನು ಇನ್ನೊಮ್ಮೆ ಕರೆಸಿದೆವು. ಕುರ್ಚಿಯನ್ನು ಗಾಳಿಯಿಂದ ಸರಿಸಿ ಮೇಜಿನ ಮೂಲೆಗೆ ಓರೆಯಾಗಿ ಹಾಕಿಸಿದರು, ಅವರೊಬ್ಬರೇ ಮಾತಾಡಿದರು. ಬಿಟ್ಟುಬಂದ ಕೆಲಸದ ಬಗ್ಗೆ ಕೇಳಬೇಕಿದೆ, ನಿಧಾನವಾಗಿ ಹೇಳಪ್ಪ ಎಂದರು. ಹಿಂದಿನ ಮಾಲೀಕರು ಕೊನೆಯ ಮೂರು ತಿಂಗಳ ಸಂಬಳ ಕೊಡದೆ, ಬಿಡುಗಡೆ ಪತ್ರವನ್ನೂ ಕೊಡದೆ ಸತಾಯಿಸಿದ್ದರು. ಆ ಪತ್ರವಿಲ್ಲದೆ ಎರಡು ಕಡೆ ಕೆಲಸ ತಪ್ಪಿತ್ತು, ಆ ಅವಧಿಯಲ್ಲಿ ಊರಿನ ಅಕ್ಕಿ ಗಿರಣಿಯೊಂದರ ಲೆಕ್ಕ ಬರೆಯುತ್ತಿದ್ದ. ಇದನ್ನು ಹೇಳುವಾಗಲೂ ಅವನು ಕಿಟಕಿ ನೋಡುತ್ತಿದ್ದ. ನಾವು ಅವನ ಮುಖದಿಂದ ಏನನ್ನೂ ತೀರ್ಮಾನಿಸಲಿಲ್ಲ. ಬ್ಯಾಂಕ್ ಪಾಸ್‌ಪುಸ್ತಕ ತರಿಸಿ ಸಂಬಳ ನಿಂತ ತಿಂಗಳು ನೋಡಿದೆವು, ಗಿರಣಿಗೆ ಫೋನ್ ಮಾಡಿದೆವು.

ಮುಂದಿನ ಸಂದರ್ಶನಕ್ಕೆ ಅಂಕದ ಹಾಳೆಯಿಂದ ‘ಹಾವಭಾವ’ ಎಂಬ ಕಾಲಂ ತೆಗೆದುಹಾಕಿದೆವು. ಅದರ ಬದಲು ಹಾಳೆಯ ಕೆಳಗೆ ಎರಡು ಗೆರೆ ಖಾಲಿ ಜಾಗ ಬಿಟ್ಟೆವು: ಕಂಡದ್ದು ಒಂದು ಗೆರೆಯಲ್ಲಿ, ಅದನ್ನು ತಿಳಿಯಲು ಕೇಳಿದ ಪ್ರಶ್ನೆ ಇನ್ನೊಂದರಲ್ಲಿ. ಕುರ್ಚಿ ಈಗಲೂ ಮೇಜಿನ ಮೂಲೆಯಲ್ಲೇ, ಓರೆಯಾಗಿ ಇದೆ.